ಮನೆ ಮುಂದಿನ ಮುಚ್ಚಿದ ಅಂಗಡಿ: ಕೊಬ್ಬರಿ ದಾಸ್ತಾನಿಗಾ, ಮೆಡಿಕಲ್‌ಗಾ, ಭೋಗ್ಯಕ್ಕಾ?

ಸೌಮ್ಯ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತಿಪಟೂರಿನಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಮುಂಭಾಗದಲ್ಲೇ ಅಪ್ಪ ದಿನಸಿ ಅಂಗಡಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಎಳೆದ ಶಟರ್ ಮತ್ತೆ ತೆಗೆದಿಲ್ಲ. ಒಳಗೆ 10 ಅಡಿ ಅಗಲ, 15 ಅಡಿ ಉದ್ದ ಇದೆ. ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ. ಮನೆ ಖರ್ಚಿಗೆ, ಔಷಧಿಗೆ ತಿಂಗಳು ತಿಂಗಳು ಒಂದಿಷ್ಟು ಕೈಗೆ ಬರುವ ಹಾಗಾದರೆ ಯಾರನ್ನೂ ಕೇಳಬೇಕಾಗಿಲ್ಲ ಅನ್ನುವುದು ಅವರ ಆಸೆ.

ಈಗ ಮೂರು ದಾರಿ ಮುಂದಿವೆ. ಒಬ್ಬ ಕೊಬ್ಬರಿ ವ್ಯಾಪಾರಿ ಚೀಲ ಇಡೋಕೆ ಕೇಳಿದ್ದಾರೆ, ತಿಂಗಳಿಗೆ 6,000, ಕಾಗದ ಪತ್ರ ಏನೂ ಬೇಡವಂತೆ. ಇನ್ನೊಬ್ಬರು ಮೆಡಿಕಲ್ ಸ್ಟೋರ್ ಇಡುತ್ತಾರಂತೆ. ತಿಂಗಳಿಗೆ 8,500 ಬಾಡಿಗೆ, 1 ಲಕ್ಷ ಅಡ್ವಾನ್ಸ್, ಆದರೆ 5 ವರ್ಷಕ್ಕೆ ಕರಾರು ಬೇಕಂತೆ. ಬೆಂಗಳೂರಲ್ಲಿರುವ ನಮ್ಮಣ್ಣ 4 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿಬಿಡೋಣ, ಒಟ್ಟಿಗೆ ದುಡ್ಡು ಬಂದರೆ ಮನೆ ಚಾವಣಿ ರಿಪೇರಿ ಆಗುತ್ತೆ ಅಂತಾನೆ. ಅಮ್ಮನಿಗೆ 5 ವರ್ಷ ಅಂದ ಕೂಡಲೇ ಹೆದರಿಕೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮಂಜುನಾಥ್ ಕೆ.

ಮೇಡಂ, ಕಣ್ಮುಚ್ಚಿಕೊಂಡು ಕೊಬ್ಬರಿಯವರಿಗೇ ಕೊಡಿ. ಗಿರಾಕಿಗಳ ಓಡಾಟ ಇಲ್ಲ, ಗಲಾಟೆ ಇಲ್ಲ. ಮೆಡಿಕಲ್‌ನವರಿಗೇ ಕೊಡೋದಾದ್ರೆ 11 ತಿಂಗಳ ಅಗ್ರಿಮೆಂಟ್ ಬಿಟ್ಟು ಬೇರೆ ಮಾತೇ ಆಡಬೇಡಿ. 11 ತಿಂಗಳು ಮುಗಿದ ಮಾರನೇ ದಿನ ಅವನಿಗೆ ಅಲ್ಲಿರೋ ಹಕ್ಕೇ ಇರಲ್ಲ, ನೀವೇ ಬೀಗ ಹಾಕ್ಕೋಬಹುದು. 5 ವರ್ಷ, 5 ವರ್ಷ ಅಂತ ಬೆಳೆಸ್ತಾ ಹೋದ್ರೆ 12 ವರ್ಷಕ್ಕೆ ಅಂಗಡಿ ಅವನದ್ದೇ ಆಗೋಗುತ್ತೆ. ನಮ್ಮೂರಲ್ಲಿ ಹಾಗೆ ಆಗಿರೋದನ್ನ ನೋಡಿದ್ದೀನಿ.

ರಾಮಣ್ಣ, ಪತ್ರ ಬರಹಗಾರರು, ಹಾಸನ

ಸೌಮ್ಯ ಅವರೇ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂತು ಬಾಡಿಗೆ ಕರಾರು ಬರೆಯುವುದೇ ನನ್ನ ಕಸುಬು. ಮಂಜುನಾಥ್ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ನಿಮ್ಮನ್ನು ತೊಂದರೆಗೆ ಸಿಕ್ಕಿಸುವಂಥದ್ದು. ಅದಕ್ಕೇ ಬಿಡಿಸಿ ಬರೆಯುತ್ತೇನೆ.

1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರುವ ಗುತ್ತಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. 11 ತಿಂಗಳ ಪದ್ಧತಿ ಹುಟ್ಟಿದ್ದು ಆ ಖರ್ಚು, ಓಡಾಟ ತಪ್ಪಿಸಿಕೊಳ್ಳಲು. ಅದರಿಂದ ಮಾಲೀಕರಿಗೆ ಬೇರೆ ಯಾವ ವಿಶೇಷ ಬಲವೂ ಬರುವುದಿಲ್ಲ. ಅವಧಿ ಮುಗಿದರೂ ಬಾಡಿಗೆದಾರ ಎದ್ದು ಹೋಗದಿದ್ದರೆ ನೋಟಿಸ್ ಕೊಟ್ಟು ನ್ಯಾಯಾಲಯದಲ್ಲಿ ದಾವೆ ಹಾಕಿಯೇ ಬಿಡಿಸಿಕೊಳ್ಳಬೇಕು. ನೀವೇ ಬೀಗ ಜಡಿದರೆ ಆತ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ಅಲ್ಲಿ ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಬೀಗ ಹಾಕುವ ಮಾತು ಮನಸ್ಸಿಗೇ ತರಬೇಡಿ.

ಹನ್ನೆರಡು ವರ್ಷದ ಮಾತು ಊರೂರಲ್ಲೂ ಇದೆ. ಬಾಡಿಗೆದಾರ ಅಂತ ಒಳಗೆ ಬಂದವನು, ಬಾಡಿಗೆ ಕೊಡುತ್ತಾ ಇರುವವನು, ಎಷ್ಟೇ ವರ್ಷ ಕಳೆದರೂ ಬಾಡಿಗೆದಾರನೇ. ಸ್ವತ್ತು ನನ್ನದು ಅಂತ ಹೇಳಲು ಅವನಿಗೆ ಕಾನೂನು ಬಿಡುವುದಿಲ್ಲ. ಆದರೆ ಅವನು ಬಾಡಿಗೆದಾರ ಅಂತ ತೋರಿಸಲು ನಿಮ್ಮ ಕೈಯಲ್ಲಿ ಕಾಗದ ಇರಬೇಕಲ್ಲ? ಹಾಗೆ ನೋಡಿದರೆ ಹೆದರಬೇಕಾದದ್ದು ಮೆಡಿಕಲ್‌ನವರ 5 ವರ್ಷದ ಕರಾರಿಗಲ್ಲ, ಕೊಬ್ಬರಿಯವರ 'ಕಾಗದ ಬೇಡ' ಅನ್ನುವ ಮಾತಿಗೆ. ಕೊಬ್ಬರಿಯವರಿಗೇ ಕೊಟ್ಟರೂ ಕರಾರು ಬರೆಸಿ, ಬಾಡಿಗೆಯನ್ನು ಅಮ್ಮನ ಖಾತೆಗೆ ಹಾಕಿಸಿ. ಬ್ಯಾಂಕ್ ಪಾಸ್‌ಬುಕ್ಕಿನ ಆ ಒಂದೊಂದು ಸಾಲೂ ಸಾಕ್ಷಿಯಾಗುತ್ತದೆ.

ಇನ್ನು ಬಾಡಿಗೆ ಕಾಯ್ದೆಯ ಹೆದರಿಕೆ. ನಮ್ಮ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೊಳಗೆ ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರ್ ಮೀರದ ಸಣ್ಣ ಅಂಗಡಿಗಳಷ್ಟೇ ಬರುತ್ತವೆ. ಅದಕ್ಕೂ ಬಾಡಿಗೆಯ ಮಿತಿ ಇದೆ, ಬೆಂಗಳೂರಿನಂಥ ಕಡೆ 3,500, ಉಳಿದ ಕಡೆ 2,000 ರೂಪಾಯಿ. ನಿಮ್ಮ ಅಂಗಡಿ ಒಳಗಿನ ಅಳತೆಯಲ್ಲಿ 150 ಚದರ ಅಡಿ, ಅಂದರೆ 14 ಚದರ ಮೀಟರಿಗೆ ಒಂದು ಕೂದಲಷ್ಟು ಕಮ್ಮಿ. ಆದರೆ ಲೆಕ್ಕಕ್ಕೆ ಬರುವುದು ಗೋಡೆ ಸೇರಿದ ತಳಪಾಯದ ಅಳತೆ, ಅದು 14 ದಾಟುತ್ತದೆ. ಬಾಡಿಗೆಯೂ ಮಿತಿಗಿಂತ ಬಹಳ ಮೇಲಿದೆ. ಹಾಗಾಗಿ ನಿಮ್ಮದು ಮಾಮೂಲಿ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರವೇ ನಡೆಯುತ್ತದೆ.

ಈಗ ನಾನು ಒಂದು ಕೇಳುತ್ತೇನೆ. ಆಸ್ತಿಯ ಖಾತೆ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲೇ ಇದ್ದರೆ ಬಾಡಿಗೆ ಮಾತುಕತೆಗೂ ಮುಂಚೆ ಆಗಬೇಕಾದ ಕೆಲಸ ಅದು.

ಶಾಂತಾ, ಕುವೆಂಪುನಗರ ಮೈಸೂರು

ನಾನು ಮೇಲಿನ ರೂಮನ್ನು ಓದುವ ಹುಡುಗಿಯರಿಗೆ ಕೊಡುತ್ತಾ ಬಂದಿದ್ದೇನೆ. ಆಧಾರ್ ಪ್ರತಿ ತಗೊಳ್ಳಿ, ಅಪ್ಪ ಅಮ್ಮನ ಫೋನ್ ನಂಬರ್ ತಗೊಳ್ಳಿ, ರಾತ್ರಿ 9ಕ್ಕೆ ಗೇಟು. ಊಟ ಹಾಕಲು ಹೋಗಬೇಡಿ, ಊಟ ಶುರು ಮಾಡಿದರೆ ಅದೇ ಒಂದು ಸಂಸಾರ ಆಗುತ್ತದೆ. ಅಟ್ಯಾಚ್ ಬಾತ್‌ರೂಮ್ ಇದ್ದರೆ ಇನ್ನೂ 1,500 ಜಾಸ್ತಿ ಸಿಗುತ್ತದೆ. ತಿಪಟೂರಿನಲ್ಲೂ ಕಾಲೇಜುಗಳಿವೆಯಲ್ಲಾ, ನಿಮ್ಮ ತಾಯಿಗೆ ಜೊತೆಯೂ ಆಗುತ್ತದೆ.

ಸೌಮ್ಯ, ತಿಪಟೂರು

ಶಾಂತಕ್ಕ, ಇದು ರೂಮಲ್ಲ, ರಸ್ತೆ ಕಡೆ ಶಟರ್ ಇರುವ ಅಂಗಡಿ. ಕಿಟಕಿನೂ ಇಲ್ಲ. ಆದರೆ ಅಮ್ಮನಿಗೆ ಜೊತೆ ಬೇಕು ಅಂದಿರಲ್ಲ, ಅದನ್ನ ನಾನೂ ಯೋಚಿಸುತ್ತಿದ್ದೇನೆ. ಹಿಂದೆ ಒಂದು ಕೋಣೆ ಖಾಲಿ ಇದೆ.

ರಾಮಣ್ಣನವರೇ, ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಕಂದಾಯ ಮಾತ್ರ ತಪ್ಪದೆ ಕಟ್ಟಿದ್ದೇವೆ. ಇನ್ನೊಂದು ವಿಷಯ ಹೇಳೋದು ಬಿಟ್ಟಿದ್ದೆ. ಅಂಗಡಿಯ ಹಿಂದಿನ ಗೋಡೆಯಲ್ಲಿ ಒಂದು ಬಾಗಿಲಿದೆ, ತೆಗೆದರೆ ನೇರವಾಗಿ ನಡುಮನೆ. ಅಪ್ಪ ಊಟಕ್ಕೆ ಅಲ್ಲಿಂದಲೇ ಒಳಗೆ ಬರುತ್ತಿದ್ದರು. ಮೆಡಿಕಲ್‌ನವರು ಆ ಬಾಗಿಲು ಇರಲಿ, ಟಾಯ್ಲೆಟ್ಟಿಗೆ ಅನುಕೂಲ ಆಗುತ್ತೆ ಅಂತಿದ್ದಾರೆ.

ರಾಮಣ್ಣ, ಪತ್ರ ಬರಹಗಾರರು, ಹಾಸನ

ಆ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿಸಿ, ಎರಡೂ ಕಡೆ ಗಾರೆ ಮಾಡಿಸಿ. ಬೀಗ, ಚಿಲಕ, ಅಡ್ಡ ಬೀರು ಯಾವುದೂ ಬೇಡ. ಅಮ್ಮ ಒಬ್ಬರೇ ಇರುವ ಮನೆ ಅನ್ನುವುದು ಒಂದು ಕಾರಣ. ಇನ್ನೊಂದು, ಇವತ್ತು ಟಾಯ್ಲೆಟ್ಟಿಗೆ ಅಂತ ಬಿಟ್ಟ ದಾರಿ ನಾಳೆ ಜಗಳ ಬಂದಾಗ 'ನಮಗೆ ಬಿಟ್ಟುಕೊಟ್ಟಿದ್ದು' ಅಂತ ಆಗುತ್ತದೆ. ಕರಾರಿನ ಷೆಡ್ಯೂಲಿನಲ್ಲಿ ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಬರೆಯುವಾಗ ಹಿಂಬದಿಗೆ 'ಮಾಲೀಕರ ವಾಸದ ಮನೆಯ ಗೋಡೆ' ಅಂತ ಬರಬೇಕು, ಬಾಗಿಲು ಅಂತ ಬರಬಾರದು. ಟಾಯ್ಲೆಟ್ ಬೇಕೇ ಬೇಕು ಅಂದರೆ ಮನೆಯ ಪಕ್ಕದ ಓಣಿಯಲ್ಲಿ ಹೊರಗಿನಿಂದ ಹೋಗುವ ಹಾಗೆ ಒಂದು ಕಟ್ಟಿಸಿ, ಖರ್ಚು ಹಂಚಿಕೊಳ್ಳಿ.

ಖಾತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಕಂದಾಯ ರಸೀದಿ ಇಟ್ಟುಕೊಂಡು ನಗರಸಭೆಗೆ ಅರ್ಜಿ ಹಾಕಿ. ಉಯಿಲು ಇಲ್ಲದಿದ್ದರೆ ಅಮ್ಮ, ಅಣ್ಣ, ನೀವು ಮೂವರೂ ವಾರಸುದಾರರು. ಖಾತೆ ಆಗುವವರೆಗೂ ಕಾಯಲು ಆಗದಿದ್ದರೆ ಕರಾರಿಗೆ ಮೂವರೂ ಸಹಿ ಹಾಕಿ, ಬಾಡಿಗೆ ಅಮ್ಮನ ಬ್ಯಾಂಕ್ ಖಾತೆಗೆ ಹೋಗತಕ್ಕದ್ದು ಅಂತ ಅದರಲ್ಲೇ ಬರೆಯಿರಿ. ಅಣ್ಣನನ್ನು ಬಿಟ್ಟು ನೀವೂ ಅಮ್ಮನೂ ಸೇರಿ ಕೊಟ್ಟುಬಿಟ್ಟರೆ ನಾಳೆ ಅವರು 'ನನ್ನ ಒಪ್ಪಿಗೆ ಇರಲಿಲ್ಲ' ಅಂತ ತಕರಾರು ತೆಗೆಯಬಹುದು. ಅಂಥ ಜಾಗಕ್ಕೆ ಒಳ್ಳೆಯ ಬಾಡಿಗೆದಾರ ಬರುವುದಿಲ್ಲ.

ಬಸವರಾಜ, ಹುಬ್ಬಳ್ಳಿ

ಅಕ್ಕಾರ, ನಾ ಬಾಡಿಗಿ ಕೊಡೋ ಕಡೆಯಿಂದ ಮಾತಾಡ್ತೀನ್ರಿ. ನಂದೂ ಮೆಡಿಕಲ್ ಅಂಗಡಿನ ಐತಿ. ಅವರು 5 ವರ್ಷ ಯಾಕ ಕೇಳ್ತಾರ ಅನ್ನೋದು ನಿಮಗ ತಿಳಿದ್ರ ಅಂಜಿಕಿ ಹೋಗ್ತೈತಿ.

ಔಷಧ ಅಂಗಡಿಗೆ ಡ್ರಗ್ ಲೈಸೆನ್ಸ್ ಬೇಕ್ರಿ. ಆ ಲೈಸೆನ್ಸ್ ಮನಷ್ಯಾನ ಹೆಸರಿಗಷ್ಟ ಅಲ್ಲ, ಆ ಜಾಗಕ್ಕೂ ಸೇರಿ ಕೊಡ್ತಾರ. ಚಿಲ್ಲರೆ ಮಾರೋ ಅಂಗಡಿಗೆ ಕಮ್ಮಿ ಅಂದ್ರೂ 10 ಚದರ ಮೀಟರ್ ಜಾಗ ಇರಬೇಕು, ಫ್ರಿಜ್ ಇರಬೇಕು, ಫಾರ್ಮಸಿಸ್ಟ್ ಇರಬೇಕು. ನಿಮ್ಮದು ಅಳತಿಗೆ ಸರಿ ಐತಿ. ಅರ್ಜಿ ಜೋಡಿ ಬಾಡಿಗಿ ಕರಾರು, ಜಾಗದ ಮಾಲಕರ ಕಾಗದ, ನಕ್ಷೆ ಎಲ್ಲಾ ಕೊಡಬೇಕಾಗ್ತೈತಿ. ಇನ್ಸ್‌ಪೆಕ್ಟರ್ ಬಂದು ನೋಡಿ ಹೋಗ್ತಾರ. ಜಾಗ ಬದಲಿ ಆತಂದ್ರ ಮತ್ತ ಮೊದಲಿನಿಂದ. ಮ್ಯಾಲೆ ಗಾಜಿನ ರ‍್ಯಾಕು, ಕೌಂಟರು, ಎ.ಸಿ., ಬೋರ್ಡು ಅಂತ ರೊಕ್ಕ ಹಾಕಿರ್ತೀವಿ. 11 ತಿಂಗಳಿಗೆ ಬಿಡ್ರಿ ಅಂದ್ರ ಯಾರೂ ಬರಂಗಿಲ್ಲ. ಬಂದ್ರೂ ಆ ಅಂಗಡಿಗೆ ರೊಕ್ಕ ಹಾಕಂಗಿಲ್ಲ.

ಇದರಾಗ ನಿಮಗೂ ಒಂದು ಅನುಕೂಲ ಐತ್ರಿ. ಲೈಸೆನ್ಸ್ ನಿಮ್ಮ ಜಾಗಕ್ಕ ಅಂಟಿಕೊಂಡಿರೋದರಿಂದ ಅಂವಾ ಬಾಡಿಗಿ ತಪ್ಪಿಸಾಕ ಹಿಂದ ಮುಂದ ನೋಡ್ತಾನ. ಬಾಡಿಗಿ ಬಾಕಿ ಇಟ್ಟು ರಾತ್ರೋರಾತ್ರಿ ಓಡಿ ಹೋಗೋ ಧಂದೆ ಅಲ್ಲ ಇದು. ಕೊಡೂ ಮುಂದ ಒಂದು ಕೆಲಸ ಮಾಡ್ರಿ. ಅಂವಗ ಈಗ ಅಂಗಡಿ ಇದ್ರ ಅಲ್ಲಿಗೆ ಹೋಗಿ ಗಿರಾಕಿ ಹಂಗ ನಿಂತು ನೋಡ್ರಿ. ರ‍್ಯಾಕು ಅರ್ಧ ಖಾಲಿ ಇದ್ವು, ಕೇಳಿದ್ದಕ್ಕೆಲ್ಲಾ 'ನಾಳೆ ತರಿಸ್ತೀನಿ' ಅಂದ್ನಂದ್ರ ಸ್ಟಾಕಿಸ್ಟ್‌ರು ಉದ್ರಿ ನಿಲ್ಲಿಸ್ಯಾರ ಅಂತ ತಿಳ್ಕೋರಿ. ಅಲ್ಲಿನ ಜಾಗದ ಮಾಲಕರನ್ನೂ ಮಾತಾಡಿಸ್ರಿ.

ಹತ್ತಿರದಾಗ ದವಾಖಾನಿ, ಕ್ಲಿನಿಕ್ಕು ಏನರ ಐತೇನ್ರಿ? ಅದಿಲ್ಲಂದ್ರ ಮೆಡಿಕಲ್ ನಡೆಯೋದು ಕಠಿಣ, ನಿಮ್ಮ ಬಾಡಿಗಿನೂ ಕಠಿಣ.

ಸೌಮ್ಯ, ತಿಪಟೂರು

ಇದೆ ಬಸವರಾಜಣ್ಣ. ನಮ್ಮ ಬೀದಿ ತುದಿಯಲ್ಲೇ ಒಂದು ಮಕ್ಕಳ ಡಾಕ್ಟರ ಕ್ಲಿನಿಕ್ ಇದೆ. ಸಂಜೆ ಹೊತ್ತು ಗಾಡಿ ನಿಲ್ಲಿಸೋಕೆ ಜಾಗ ಇರಲ್ಲ.

ಚಂದ್ರು, ಕೊಬ್ಬರಿ ವ್ಯಾಪಾರ

ನಾನು ಇದೇ ಸೀಮೆಯವನು, ಕೊಬ್ಬರಿ ವ್ಯಾಪಾರ ಮಾಡ್ತೀನಿ. ಕಾಗದ ಬೇಡ ಅಂದವರೆಲ್ಲ ಮೋಸಗಾರರು ಅನ್ನೋ ಹಾಗೆ ಮಾತಾಡಬೇಡಿ. ನಮ್ಮ ಕಡೆ ಮಾತಿನ ಮೇಲೇ ವ್ಯವಹಾರ ನಡೆದುಕೊಂಡು ಬಂದಿದೆ. ಆದ್ರೂ ಸೌಮ್ಯ ಅವರಿಗೆ ನಾನೇ ಹೇಳ್ತೀನಿ, ಮನೆಗೆ ಅಂಟಿಕೊಂಡಿರೋ ಅಂಗಡಿಗೆ ಕೊಬ್ಬರಿ ಬೇಡ.

ಯಾಕೆ ಅಂದ್ರೆ, ನಾವು ಬೇರೆ ಜಾಗ ಹುಡುಕೋದು ರೇಟು ಏರುತ್ತೆ ಅನ್ನಿಸಿ ಮಾಲು ಹಿಡಿದಿಟ್ಟಾಗ. ರೇಟು ಬಂತು ಅಂದ್ರೆ ಒಂದೇ ದಿನದಲ್ಲಿ ಲಾರಿಗೆ ತುಂಬಿ ಕಳಿಸ್ತೀವಿ. ಆಮೇಲೆ ಆ ಜಾಗಕ್ಕೆ ಬಾಡಿಗೆ ಯಾಕೆ ಕೊಡಬೇಕು? ಅಮ್ಮನಿಗೆ ವರ್ಷಪೂರ್ತಿ ತಿಂಗಳು ತಿಂಗಳು ದುಡ್ಡು ಬೇಕು ಅಂದಿದ್ದೀರಿ, ಇದರಲ್ಲಿ ಅದು ಸಿಗಲ್ಲ. ಇನ್ನು ಮಾಲು. ಎಣ್ಣೆ ಪದಾರ್ಥ, ಇಲಿ ಹೆಗ್ಗಣ ಹುಡುಕಿಕೊಂಡು ಬರುತ್ತೆ, ಚೀಲದಿಂದ ಜಿಡ್ಡು ಇಳಿದು ನೆಲ, ಗೋಡೆ ಕಪ್ಪಾಗುತ್ತೆ. ಗಾಳಿಯಾಡದ ಜಾಗದಲ್ಲಿ ಕೊಬ್ಬರಿಗೆ ಬೂಸ್ಟು ಹಿಡಿಯುತ್ತೆ. ಕಿಟಕಿ ಇಲ್ಲ ಅಂದ್ರಲ್ಲ, ಅವರೇ ಒಂದು ಮಳೆಗಾಲ ಕಳೆದ ಮೇಲೆ ಖಾಲಿ ಮಾಡ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ. ವೈರಿಂಗ್ ಹಳೇದಿದ್ದು ಒಂದು ಕಿಡಿ ಹಾರಿದ್ರೆ ಕೊಬ್ಬರಿ ಆರೋದು ಕಷ್ಟ, ಗೋಡೆ ಆಚೆ ಅಮ್ಮ ಮಲಗಿರ್ತಾರೆ.

ಗಣೇಶ ಭಟ್, ಉಡುಪಿ

ನಾನು ಲೆಕ್ಕಪತ್ರದ ಕೆಲಸದವನು. ಭೋಗ್ಯದ ಬಗ್ಗೆ ಯಾರೂ ಮಾತಾಡಲಿಲ್ಲ, ಅದನ್ನು ಒಮ್ಮೆ ಲೆಕ್ಕ ಹಾಕಿ ನೋಡುವ.

4 ಲಕ್ಷ ಭೋಗ್ಯ ಅಂದರೆ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಅಷ್ಟೂ ಹಣ ವಾಪಸ್ ಕೊಡಬೇಕು. ಆ 4 ಲಕ್ಷವನ್ನು ಮುಟ್ಟದೆ ಶೇಕಡಾ 7ರ ಠೇವಣಿಗೆ ಹಾಕಿದಿರಿ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ ಬರುವುದು 28,000. ತಿಂಗಳಿಗೆ 2,333. ಮೆಡಿಕಲ್‌ನವರ ಬಾಡಿಗೆ ವರ್ಷಕ್ಕೆ 1,02,000. ಅಷ್ಟು ಬಡ್ಡಿ ಬರಬೇಕಾದರೆ ಭೋಗ್ಯದ ಮೊತ್ತ ಹದಿನಾಲ್ಕೂವರೆ ಲಕ್ಷ ದಾಟಬೇಕು. ನಿಮ್ಮ ಅಣ್ಣ ಹೇಳುವುದು ಅದರ ಕಾಲು ಭಾಗದ ಹತ್ತಿರ ಉಂಟು. ಅದೂ ಠೇವಣಿಯಲ್ಲಿಟ್ಟರೆ. ಅವರು ಚಾವಣಿಗೆ ಖರ್ಚು ಮಾಡುತ್ತೇನೆ ಅನ್ನುತ್ತಾರೆ, ಹಾಗಾದರೆ ಮೂರು ವರ್ಷ ಕಳೆದು 4 ಲಕ್ಷ ಎಲ್ಲಿಂದ ತರುವುದು? ಹಣ ಕೊಡಲಾಗದಿದ್ದರೆ ಅವನು ಜಾಗ ಬಿಡುವುದಿಲ್ಲ, ಬಾಡಿಗೆಯೂ ಇಲ್ಲ. ಚಾವಣಿ ತುರ್ತಾಗಿ ಆಗಲೇಬೇಕಾದರೆ ಬಾಡಿಗೆ ಆದಾಯ ತೋರಿಸಿ ಬ್ಯಾಂಕಿನಲ್ಲಿ ಸಣ್ಣ ಸಾಲ ಕೇಳುವುದು ಇದಕ್ಕಿಂತ ಎಷ್ಟೋ ಮೇಲು.

ತೆರಿಗೆಗೆ ಹೆದರುವ ಅಗತ್ಯ ಇಲ್ಲ. ಅಂಗಡಿಯ ಬಾಡಿಗೆಯೂ ಆದಾಯ ತೆರಿಗೆಯಲ್ಲಿ 'ಮನೆ ಆಸ್ತಿಯ ಆದಾಯ'ವೇ. ನಗರಸಭೆಗೆ ಕಟ್ಟಿದ ತೆರಿಗೆ 4,000 ಅಂತ ಹಿಡಿದರೆ ಉಳಿಯುವುದು 98,000. ಅದರಲ್ಲಿ ಶೇಕಡಾ 30, ಅಂದರೆ 29,400 ರಿಪೇರಿ ಮುಂತಾದ್ದಕ್ಕೆ ಅಂತ ಹಾಗೆಯೇ ಬಿಡುತ್ತಾರೆ, ರಸೀದಿ ಕೇಳುವುದಿಲ್ಲ. ಲೆಕ್ಕಕ್ಕೆ ಬರುವುದು 68,600 ಮಾತ್ರ. ಬೇರೆ ದೊಡ್ಡ ಆದಾಯ ಇಲ್ಲದಿದ್ದರೆ ತೆರಿಗೆ ಬೀಳುವುದಿಲ್ಲ. ಒಂದು ಸೂಕ್ಷ್ಮ ಉಂಟು, ಖಾತೆ ಮೂವರ ಹೆಸರಿಗೆ ಆದರೆ ಬಾಡಿಗೆ ಅಮ್ಮನ ಬ್ಯಾಂಕ್ ಖಾತೆಗೆ ಹೋದರೂ ತೆರಿಗೆ ಲೆಕ್ಕದಲ್ಲಿ ಮೂವರಿಗೂ ಪಾಲಾಗುತ್ತದೆ.

ಜಿ.ಎಸ್.ಟಿ. ಬಗ್ಗೆ ಕರಾರಿನಲ್ಲಿ ಒಂದು ಸಾಲು ಬೇಕು. ಅಕ್ಟೋಬರ್ 2024ರಿಂದ ಬಂದ ನಿಯಮ: ನೀವು ನೋಂದಣಿ ಇಲ್ಲದ ಮಾಲೀಕರು, ಬಾಡಿಗೆದಾರ ನೋಂದಾಯಿತ ವ್ಯಾಪಾರಿ ಆದರೆ, ಅಂಗಡಿ ಬಾಡಿಗೆಯ ಮೇಲಿನ ಶೇಕಡಾ 18ನ್ನು ಅವನೇ ಸರಕಾರಕ್ಕೆ ಕಟ್ಟಬೇಕು. 8,500ಕ್ಕೆ ಅದು 1,530 ಆಗುತ್ತದೆ. ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೆ ಇದರಿಂದ ವಿನಾಯಿತಿ ಉಂಟು. ಮಾಮೂಲಿ ನೋಂದಣಿಯವನಾದರೆ ಅದನ್ನು ತನ್ನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಅದು ಗೊತ್ತಿದ್ದೂ ಕೆಲವರು ಬಾಡಿಗೆಯಲ್ಲಿ 1,530 ಹಿಡಿದು ಕೊಡುತ್ತಾರೆ. '8,500 ಯಾವ ತೆರಿಗೆಯೂ ಕಳೆಯದ ಬಾಡಿಗೆ' ಅಂತ ಬರೆಸಿಕೊಳ್ಳಿ.

ಮಂಜುನಾಥ್ ಕೆ.

ಭೋಗ್ಯದ ಲೆಕ್ಕ ಒಪ್ಪುತ್ತೀನಿ ಸಾರ್. ಆದ್ರೆ ರಾಮಣ್ಣನವರೇ, ನೀವು ದಾವೆ ಅಂತ ಹೇಳಿಬಿಟ್ರಿ, ಅದು ಎಷ್ಟು ವರ್ಷ ಎಳೆಯುತ್ತೆ ಗೊತ್ತಲ್ಲ. ಅದಕ್ಕೇ ಹೇಳೋದು, ಸ್ಟೇಷನ್‌ಗೆ ಒಂದು ಕಂಪ್ಲೇಂಟ್ ಕೊಟ್ಟು ಎಸ್.ಐ. ಕರೆಸಿ ಮಾತಾಡಿದ್ರೆ ಮುಗೀತು. 5 ವರ್ಷ ಬರೆದುಕೊಟ್ಟ ಮೇಲೆ ಅದೂ ಆಗಲ್ಲ.

ರಾಮಣ್ಣ, ಪತ್ರ ಬರಹಗಾರರು, ಹಾಸನ

ದಾವೆ ನಿಧಾನ ಅನ್ನುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಡಿಗೆ ವ್ಯಾಜ್ಯ ಸಿವಿಲ್ ವಿಷಯ, ಅಂಗಡಿ ಖಾಲಿ ಮಾಡಿಸುವ ಅಧಿಕಾರ ಪೊಲೀಸರಿಗಿಲ್ಲ. ನಿಧಾನ ಅನ್ನುವ ಕಾರಣಕ್ಕೇ ಕರಾರು ಗಟ್ಟಿಯಾಗಿರಬೇಕು. 5 ವರ್ಷದ ಕರಾರನ್ನು ನೋಂದಣಿ ಮಾಡಿಸದೆ ಛಾಪಾ ಕಾಗದದಲ್ಲಿ ಬರೆದಿಟ್ಟುಕೊಂಡರೆ ಆ 5 ವರ್ಷ ಅನ್ನುವ ಮಾತೇ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತಿಂಗಳ ಬಾಡಿಗೆ ಅಂತ ಹಿಡಿಯುತ್ತಾರೆ, 15 ದಿನದ ನೋಟಿಸಿನಲ್ಲಿ ಯಾರು ಬೇಕಾದರೂ ಮುರಿಯಬಹುದು. ಅದು ಮೆಡಿಕಲ್‌ನವರಿಗೆ ನಷ್ಟ. ಛಾಪಾ ಶುಲ್ಕ ಕಮ್ಮಿ ಕಟ್ಟಿದ್ದರೆ ಆ ಕಾಗದವನ್ನು ಸಾಕ್ಷಿಗೆ ಹಾಜರುಪಡಿಸುವ ದಿನ ಕೊರತೆ ಮೊತ್ತದ ಹತ್ತು ಪಟ್ಟು ದಂಡ ಕಟ್ಟಬೇಕು. ಅದು ನಿಮಗೂ ನಷ್ಟ. 200 ರೂಪಾಯಿ ಕಾಗದ ಸಾಕು ಅನ್ನುವವರ ಮಾತು ಕೇಳಬೇಡಿ, ಶುಲ್ಕ ಒಟ್ಟು ಬಾಡಿಗೆ ಮತ್ತು ಅಡ್ವಾನ್ಸ್ ನೋಡಿ ನಿಗದಿಯಾಗುತ್ತದೆ.

ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ಅಮ್ಮನಿಗೆ ಹೆದರಿಕೆ ಇರುವುದರಿಂದ 3 ವರ್ಷಕ್ಕೆ ನೋಂದಾಯಿತ ಕರಾರು, ಬಾಡಿಗೆ ಒಂದು ದಿನವೂ ತಪ್ಪದಿದ್ದರೆ ಇನ್ನು 2 ವರ್ಷ ಮುಂದುವರಿಸಲು ಅವರಿಗೆ ಅವಕಾಶ. ವರ್ಷಕ್ಕೆ ಶೇಕಡಾ 5 ಏರಿಕೆ, 8,500 ಎರಡನೇ ವರ್ಷ 8,925, ಮೂರನೇ ವರ್ಷ 9,371. ಈ ಅಂಕಿಗಳನ್ನೇ ಕರಾರಿನಲ್ಲಿ ಬರೆದುಬಿಡಿ, ಶೇಕಡಾ ಅಂತ ಮಾತ್ರ ಬರೆದರೆ ಪ್ರತಿ ವರ್ಷ ಚೌಕಾಸಿ ಶುರುವಾಗುತ್ತದೆ. ಅವರು ಬಿಡುವುದಾದರೆ ಮೂರು ತಿಂಗಳ ನೋಟಿಸ್. ಎರಡು ತಿಂಗಳು ಬಾಡಿಗೆ ಬಾಕಿಯಾದರೆ ಕರಾರು ರದ್ದುಪಡಿಸುವ ಹಕ್ಕು ನಿಮಗೆ. ಬೇರೆಯವರಿಗೆ ಒಳಬಾಡಿಗೆ ಕೊಡುವಂತಿಲ್ಲ. ರ‍್ಯಾಕು, ಎ.ಸಿ. ಅವರದ್ದು, ಬಿಡುವಾಗ ತೆಗೆದುಕೊಂಡು ಹೋಗಬಹುದು. ಗೋಡೆ ಒಡೆಯುವುದಾದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು.

ಅಡ್ವಾನ್ಸ್ 1 ಲಕ್ಷದ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಆ ಹಣ ನಿಮ್ಮದಲ್ಲ. ಅಮ್ಮನ ಹೆಸರಲ್ಲಿ ಠೇವಣಿ ಇಟ್ಟು ರಸೀದಿಯನ್ನು ಕರಾರಿನ ಜೊತೆಗೇ ಇಡಿ. ನನ್ನ ಬಳಿ ಬರುವ ಖಾಲಿ ಮಾಡಿಸುವ ಜಗಳಗಳಲ್ಲಿ ಬಾಡಿಗೆದಾರ ಹೋಗಲು ಸಿದ್ಧನಿದ್ದು ಮಾಲೀಕರ ಕೈಯಲ್ಲಿ ಅಡ್ವಾನ್ಸ್ ಇಲ್ಲದೆ ನಿಂತಿರುವಂಥವೇ ಜಾಸ್ತಿ.

ವಿನುತ, ದಾವಣಗೆರೆ

ಮಧ್ಯದಲ್ಲಿ ನನ್ನದೊಂದು ಪ್ರಶ್ನೆ, ಕ್ಷಮಿಸಿ. ನಮ್ಮ ಖಾಲಿ ಅಂಗಡಿಯ ತಾರಸಿ ಮೇಲೆ ಮೊಬೈಲ್ ಟವರ್ ಹಾಕ್ತೀವಿ, ತಿಂಗಳಿಗೆ 35,000 ಬಾಡಿಗೆ, 20 ಲಕ್ಷ ಅಡ್ವಾನ್ಸ್ ಅಂತ ಫೋನ್ ಬಂದಿದೆ. ಸರ್ಕಾರದ ಲಾಂಛನ ಇರುವ ಪತ್ರ ಕಳಿಸಿದ್ದಾರೆ. ಫೈಲ್ ಚಾರ್ಜ್ ಅಂತ 4,800 ಕಟ್ಟಬೇಕಂತೆ. ನಮ್ಮ ಯಜಮಾನರು ಕಟ್ಟೋಣ ಅಂತಿದ್ದಾರೆ.

ಗಣೇಶ ಭಟ್, ಉಡುಪಿ

ಒಂದು ಪೈಸೆಯೂ ಕಟ್ಟಬೇಡಿ. ಟವರ್ ಹಾಕಲು ಜಾಗದ ಮಾಲೀಕರಿಂದ ಹಣ ಕೇಳುವ ಕ್ರಮವೇ ಇಲ್ಲ, ಹಣ ಬರಬೇಕಾದ್ದು ನಿಮ್ಮ ಕಡೆಗೆ. ಟವರ್ ಹಾಕಲು ತಾವು ಯಾವ ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನವರೇ ಸಾರ್ವಜನಿಕವಾಗಿ ಎಚ್ಚರಿಸಿದ್ದಾರೆ. 4,800 ಕೊಟ್ಟರೆ ಮುಂದಿನ ವಾರ ವಿಮೆ ಅಂತ, ಆಮೇಲೆ ಜಿ.ಎಸ್.ಟಿ. ಅಂತ ಕೇಳುತ್ತಾರೆ. ಈಗಾಗಲೇ ಕಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬಸವರಾಜ, ಹುಬ್ಬಳ್ಳಿ

ಕರೆಂಟಿನ ಮಾತು ಯಾರೂ ಎತ್ತಲಿಲ್ಲಲ್ರಿ? ಅಂಗಡಿಗೆ ಬ್ಯಾರೆ ಮೀಟರ್ ಐತೇನ್ರಿ ಅಕ್ಕಾರ?

ಸೌಮ್ಯ, ತಿಪಟೂರು

ಮೊದಲು ಇತ್ತು. ಅಂಗಡಿ ಮುಚ್ಚಿದ ಮೇಲೆ ಬಿಲ್ ಕಟ್ಟಿಲ್ಲ, ಬೆಸ್ಕಾಂನವರು ಲೈನ್ ಕಿತ್ತುಕೊಂಡು ಹೋಗಿದ್ದಾರೆ. ಮನೆ ಮೀಟರಿಗೆ ಗೃಹಜ್ಯೋತಿ ಇದೆ. ಸದ್ಯಕ್ಕೆ ಮನೆಯಿಂದಲೇ ಒಂದು ವೈರ್ ಎಳೆದುಕೊಡೋಣ ಅಂತಿದ್ವಿ.

ಬಸವರಾಜ, ಹುಬ್ಬಳ್ಳಿ

ಹಂಗ ಮಾತ್ರ ಮಾಡಬ್ಯಾಡ್ರಿ ಅಕ್ಕಾರ. ಮೆಡಿಕಲ್‌ನ ಫ್ರಿಜ್ ಹಗಲು ರಾತ್ರಿ ನಡೀತೈತಿ, ಗೃಹಜ್ಯೋತಿ ಮಿತಿ ತಾನ ದಾಟ್ತೈತಿ. ಅದಕ್ಕಿಂತ ದೊಡ್ಡದು, ಮನಿ ಕರೆಂಟ್ ಅಂಗಡಿಗೆ ಕೊಟ್ಟದ್ದು ತಪಾಸಣೆದಾಗ ಸಿಕ್ತಂದ್ರ ವಿದ್ಯುತ್ ಕಾಯ್ದೆ ಪ್ರಕಾರ ಅನಧಿಕೃತ ಬಳಕೆ ಆಗ್ತೈತಿ. ಅಂಗಡಿ ದರದ ಎರಡು ಪಟ್ಟು ಹಾಕ್ತಾರ. ಯಾವಾಗಿಂದ ಅಂತ ಗೊತ್ತಾಗಲಿಲ್ಲಂದ್ರ ಹಿಂದಿನ ಒಂದು ವರ್ಷದ್ದು ಹಿಡೀತಾರ. ಬಿಲ್ ಬರೋದು ನಿಮ್ಮ ಅವ್ವಾರ ಹೆಸರಿಗೆ.

ಹಳೇ ಆರ್.ಆರ್. ನಂಬರ್ ತಗೊಂಡು ಆಫೀಸಿಗೆ ಹೋಗ್ರಿ, ಬಾಕಿ ಎಷ್ಟೈತಿ ಕೇಳ್ರಿ. ಆ ಬಾಕಿ ಜಾಗದ ಮ್ಯಾಲೆ ಕುಂತಿರ್ತೈತಿ, ತೀರಿಸದ ಹೊಸಾ ಸಂಪರ್ಕ ಕೊಡಂಗಿಲ್ಲ. ಇದ ಕಾರಣಕ್ಕ ಮುಂದನೂ ಹುಷಾರಿರಬೇಕು. ಬಾಡಿಗಿಯವ ಬಿಲ್ ಕಟ್ಟದ ಹೋದ್ರ ಅದು ನಿಮ್ಮ ಕೊರಳಿಗೆ ಬರ್ತೈತಿ. ಆರ್.ಆರ್. ನಂಬರ್ ಹಾಕಿ ಫೋನಿನ್ಯಾಗ ತಿಂಗಳಾ ನೋಡ್ತಾ ಇರ್ರಿ, ಎರಡು ಬಿಲ್ ನಿಂತ್ರ ಅಂವಂದು ವ್ಯಾಪಾರ ಬಿದ್ದೈತಿ ಅಂತಾನೂ ಗೊತ್ತಾಗ್ತೈತಿ. ಬಾಡಿಗಿ ತಪ್ಪೂ ಮೊದಲ ಕರೆಂಟ್ ಬಿಲ್ ತಪ್ಪತೈತ್ರಿ.

ಚಂದ್ರು, ಕೊಬ್ಬರಿ ವ್ಯಾಪಾರ

ವೈರಿಂಗ್ ಪೂರ್ತಿ ಹೊಸದು ಮಾಡಿಸಿ, ಹಳೇದರ ಮೇಲೆ ಎ.ಸಿ. ಹಾಕಿಸಬೇಡಿ. ಮೊದಲ ತಿಂಗಳ ಬಾಡಿಗೆ ಅದಕ್ಕೆ ಹೋದ್ರೂ ಹೋಗಲಿ.

ಸೌಮ್ಯ, ತಿಪಟೂರು

ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕೊಬ್ಬರಿ ಬೇಡ ಅಂತ ಆಯ್ತು. ಬಾಗಿಲು ಮುಚ್ಚಿಸೋಕೆ ಗಾರೆ ಕೆಲಸದವರಿಗೆ ಹೇಳಿದ್ದೇವೆ, ಬೆಸ್ಕಾಂ ಬಾಕಿ 2,140 ಇತ್ತು, ಕಟ್ಟಿದೆ. ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದೇವೆ. ಮೆಡಿಕಲ್‌ನವರು 3 ವರ್ಷ, ಆಮೇಲೆ 2 ವರ್ಷ ಅನ್ನೋದಕ್ಕೆ ಒಪ್ಪಿದ್ದಾರೆ, ಆದರೆ ನೋಂದಣಿ ಖರ್ಚು ಪೂರ್ತಿ ನಮ್ಮದೇ ಅಂತಾರೆ. ಕ್ಲಿನಿಕ್ ಹತ್ತಿರ ಇದೆ ಅನ್ನೋ ಅವರ ಲೆಕ್ಕಾಚಾರ ಸರಿಯಿದೆ, ಈಗಿನ ಅಂಗಡಿಯ ರ‍್ಯಾಕುಗಳೂ ತುಂಬಿವೆ, ನಾನೇ ಹೋಗಿ ನೋಡಿ ಬಂದೆ.

ಅಣ್ಣ ಮಾತ್ರ ಇನ್ನೂ ಒಪ್ಪಿಲ್ಲ. ಗಣೇಶ ಅವರ ಲೆಕ್ಕ ತೋರಿಸಿದೆ. ಬಾಡಿಗೆ ಜಾಸ್ತಿ ಅನ್ನೋದು ಸರಿ, ಚಾವಣಿ ಸೋರಿದರೆ ಯಾರು ನೋಡ್ತಾರೆ ಅಂತಾನೆ. ಅವನ ಮಾತಲ್ಲೂ ಸತ್ಯ ಇದೆ, ಮಳೆ ಬಂದರೆ ಅಮ್ಮನ ಕೋಣೆಯಲ್ಲೇ ಪಾತ್ರೆ ಇಡಬೇಕು.

ರಾಮಣ್ಣ, ಪತ್ರ ಬರಹಗಾರರು, ಹಾಸನ

ನೋಂದಣಿ ಖರ್ಚು ಅರ್ಧರ್ಧ ಅನ್ನಿ. 5 ವರ್ಷ ಗಟ್ಟಿಯಾಗಿ ಬೇಕಾಗಿರುವುದು ಅವರಿಗೇ, ಒಪ್ಪುತ್ತಾರೆ. ಅಣ್ಣನ ಸಹಿ ಇಲ್ಲದೆ ಮಾತ್ರ ಮುಂದೆ ಹೋಗಬೇಡಿ. ಮೊದಲ ವರ್ಷದ ಬಾಡಿಗೆಯಲ್ಲಿ ತಿಂಗಳಿಗೆ ಇಷ್ಟು ಚಾವಣಿಗೆ ಅಂತ ಬೇರೆ ಖಾತೆಗೆ ಹಾಕುವುದಾಗಿ ಮೂವರೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಅವರಿಗೂ ಸಮಾಧಾನ ಆಗಬಹುದು.

ಶಾಂತಾ, ಕುವೆಂಪುನಗರ ಮೈಸೂರು

ಸೌಮ್ಯ, ಹಿಂದಿನ ಕೋಣೆ ಖಾಲಿ ಇದೆ ಅಂದೆಯಲ್ಲಾ. ಮೆಡಿಕಲ್‌ನವರು ಫಾರ್ಮಸಿಸ್ಟ್ ಆಗಿ ಹೆಣ್ಣುಮಗಳನ್ನು ಇಟ್ಟುಕೊಂಡರೆ ಅವಳಿಗೇ ಕೋಣೆ ಕೊಡಬಹುದು ನೋಡು, ಬೇರೆ ಕರಾರು ಮಾಡಿಕೊಂಡು. ಚಾವಣಿ ದುಡ್ಡು ಅದರಿಂದಲೇ ಹೊರಡುತ್ತದೆ. ಆ ಕೋಣೆಗೆ ಹೊರಗಿನಿಂದ ದಾರಿ ಇದೆಯಾ?

ಸೌಮ್ಯ, ತಿಪಟೂರು

ಓಣಿ ಕಡೆಯಿಂದ ಇದೆ ಅಕ್ಕ. ಟಾಯ್ಲೆಟ್ ಕಟ್ಟಿಸೋದೂ ಅದೇ ಓಣಿಯಲ್ಲಿ. ಎರಡಕ್ಕೂ ಜಾಗ ಸಾಲುತ್ತಾ ಅಂತ ನಾಳೆ ಗಾರೆಯವರು ಬಂದಾಗ ಟೇಪ್ ಹಿಡಿಸಿ ನೋಡ್ತೀನಿ.